ಸ್ವಂತ ವಿಳಾಸಕ್ಕೆ ಏಕೆ ಹೆಚ್ಚು ಹಣ? ವೆಬ್‌ಸೈಟ್ ಬಿಲ್ಡರ್ ಪ್ಲ್ಯಾನ್‌ಗಳ ಒಳಲೆಕ್ಕ

ಕೈಯಿಂದ ನೋಟ್‌ಬುಕ್ ಹೊಲಿದು ಮಾರುವ ಸ್ನೇಹಿತೆಯೊಬ್ಬಳಿಗೆ ವೆಬ್‌ಸೈಟ್ ಕಟ್ಟಲು ನೆರವಾಗಲೆಂದು ಒಂದು ಸಂಜೆ ಅವಳ ಪಕ್ಕದಲ್ಲಿ ಕುಳಿತಿದ್ದೆ. ಕೋಡ್ ಬರೆಯದೆ ಪುಟ ಕಟ್ಟಲು ಬಿಡುವ ವೆಬ್‌ಸೈಟ್ ಬಿಲ್ಡರ್ ಸೇವೆಯೊಂದರಲ್ಲಿ ಎರಡು ಗಂಟೆಯೊಳಗೆ ಪುಟಗಳು ಸಿದ್ಧವಾದವು. ಚಿತ್ರಗಳನ್ನು ಎಳೆದು ತಂದು ಬೇಕಾದಲ್ಲಿ ಇಟ್ಟೆವು, ಅಕ್ಷರದ ಗಾತ್ರ ಬದಲಿಸಿದೆವು, ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂದೂ ನೋಡಿದೆವು. ಅಲ್ಲಿಯವರೆಗೆ ಬಿಡಿಗಾಸೂ ಖರ್ಚಾಗಿರಲಿಲ್ಲ. ಆಮೇಲೆ ಅವಳು ಮೂರು ಮಾತು ಕೇಳಿದಳು: ವಿಳಾಸದಲ್ಲಿ ನನ್ನ ಹೆಸರಷ್ಟೇ ಇರಬೇಕು, ನನ್ನ ಎಲ್ಲ ಫೋಟೊಗಳೂ ಹಿಡಿಸಬೇಕು, ಕೊಳ್ಳುವವರು ಅಲ್ಲೇ ಹಣ ಕಟ್ಟುವಂತಿರಬೇಕು. ಮೂರು ಸಲವೂ ಪರದೆಯ ಮೇಲೆ ಬಂದದ್ದು ಒಂದೇ ಉತ್ತರ, ಮೇಲಿನ ಪ್ಲ್ಯಾನ್ ತೆಗೆದುಕೊಳ್ಳಿ ಎಂದು.

"ಪುಟ ಕಟ್ಟುವ ಕಷ್ಟದ ಕೆಲಸವೆಲ್ಲ ಉಚಿತ, ಹೆಸರು ಹಾಕುವುದಕ್ಕೆ ಹಣವೇ?" ಎಂದು ಅವಳು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಪ್ಲ್ಯಾನ್‌ಗಳ ಕೋಷ್ಟಕದಲ್ಲಿ ಸ್ವಂತ ಹೆಸರಿನ ವಿಳಾಸವಾದ ಡೊಮೇನ್, ಕಡತ ಇಡುವ ಜಾಗವಾದ ಸ್ಟೋರೇಜ್, ಪಾವತಿ ಮೂರೂ ಒಂದರ ಕೆಳಗೊಂದು ಒಂದೇ ಬಗೆಯ ಟಿಕ್ ಗುರುತು ಹೊತ್ತು ನಿಂತಿರುತ್ತವೆ. ಹಾಗಾಗಿ ಮೂರಕ್ಕೂ ಬೀಗ ಬಿದ್ದಿರುವುದು ಒಂದೇ ಕಾರಣಕ್ಕೆ ಎಂದು ತೋರುತ್ತದೆ. ಆದರೆ ಕಾರಣಗಳು ಬೇರೆ ಬೇರೆ. ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕಾಯಬಹುದು ಎಂಬ ನಿರ್ಧಾರ ಆ ಕಾರಣಗಳ ಮೇಲೇ ನಿಂತಿದೆ.

ಮೊದಲು ಡೊಮೇನ್. ಬಿಲ್ಡರ್ ಕಂಪನಿಯ ಸರ್ವರ್‌ಗಳು ಒಂದೊಂದು ವೆಬ್‌ಸೈಟಿಗೆ ಒಂದೊಂದರಂತೆ ಇರುವುದಿಲ್ಲ. ಅವೇ ಯಂತ್ರಗಳು ಅಸಂಖ್ಯ ವೆಬ್‌ಸೈಟ್‌ಗಳನ್ನು ತೋರಿಸುತ್ತಿರುತ್ತವೆ. ನೀವು ಬ್ರೌಸರಿನಲ್ಲಿ ಒಂದು ವಿಳಾಸ ಬರೆದಾಗ, ಬ್ರೌಸರ್ ಸರ್ವರಿಗೆ "ನನಗೆ ಈ ಹೆಸರಿನ ಪುಟ ಬೇಕು" ಎಂದು ಆ ಹೆಸರನ್ನೂ ಕಳುಹಿಸುತ್ತದೆ. ಸರ್ವರ್ ತನ್ನ ಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿ, ಅದಕ್ಕೆ ಸೇರಿದ ಪುಟವನ್ನು ಕೊಡುತ್ತದೆ. ಉಚಿತ ವಿಳಾಸವೂ ಆ ಪಟ್ಟಿಯಲ್ಲಿ ಒಂದು ಸಾಲು, ಸ್ವಂತ ಡೊಮೇನೂ ಒಂದು ಸಾಲು. ಕಂಪನಿಯ ಕಡೆಯಿಂದ ನೋಡಿದರೆ ಡೊಮೇನ್ ಜೋಡಿಸುವುದೆಂದರೆ ಬಹುಮಟ್ಟಿಗೆ ಆ ಇನ್ನೊಂದು ಸಾಲನ್ನು ಸೇರಿಸುವುದು.

ಒಂದು ಕಾಲದಲ್ಲಿ ಇದಕ್ಕೆ ನಿಜವಾದ ಖರ್ಚಿತ್ತು. ಬ್ರೌಸರ್ ಪುಟವನ್ನು ಸುರಕ್ಷಿತವೆಂದು ಒಪ್ಪಬೇಕಾದರೆ ಆ ಹೆಸರಿಗೆ ಭದ್ರತಾ ಪ್ರಮಾಣಪತ್ರ ಬೇಕು. ಅದನ್ನು ಹಣ ಕೊಟ್ಟು ಕೊಳ್ಳಬೇಕಿತ್ತು, ಹಳೆಯ ಬ್ರೌಸರ್‌ಗಳಿಗಾಗಿ ಸರ್ವರನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸವನ್ನೂ ಪ್ರತಿ ಹೆಸರಿಗೆ ಪ್ರತ್ಯೇಕವಾಗಿ ಇಡಬೇಕಿತ್ತು. ಮುಂದೆ ಒಂದೇ ಐಪಿ ವಿಳಾಸದಲ್ಲಿ ಅನೇಕ ಪ್ರಮಾಣಪತ್ರಗಳನ್ನು ಇಡುವ ಪದ್ಧತಿ ಎಲ್ಲ ಬ್ರೌಸರ್‌ಗಳಿಗೂ ಬಂತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪ್ರಮಾಣಪತ್ರಗಳನ್ನು ಎಲ್ಲರಿಗೂ ಉಚಿತವಾಗಿ, ಮನುಷ್ಯರ ಕೈ ತಾಗದೆ, ಯಂತ್ರದಿಂದ ಯಂತ್ರಕ್ಕೆ ಕೊಡಲು ಶುರುಮಾಡಿತು. ಗಿಟ್‌ಹಬ್ ಪೇಜಸ್ ಮತ್ತು ಬ್ಲಾಗರ್ ಸೇವೆಗಳಲ್ಲಿ ಸ್ವಂತ ಡೊಮೇನನ್ನು ಜೋಡಿಸಲು ಶುಲ್ಕವೇ ಇಲ್ಲ. ಡೊಮೇನಿನ ವಾರ್ಷಿಕ ನೋಂದಣಿ ಶುಲ್ಕ ಬೇರೆ ಮಾತು. ಅದು ಹೆಸರನ್ನು ನೋಂದಾಯಿಸಿಕೊಡುವ ಕಂಪನಿಗೆ, ಅಂದರೆ ರಿಜಿಸ್ಟ್ರಾರ್‌ಗೆ, ನೀವು ಕೊಡುವ ಹಣ. ನಾನು ಹೇಳುತ್ತಿರುವುದು, ನೀವು ಆಗಲೇ ಕೊಂಡಿರುವ ಹೆಸರನ್ನು ಜೋಡಿಸಿಕೊಳ್ಳಲು ಬಿಲ್ಡರ್ ಕೇಳುವ ಹಣದ ವಿಚಾರ.

ಹಾಗಿದ್ದರೆ ಬೀಗ ಏಕೆ? 1849ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜೂಲ್ ಡ್ಯುಪ್ವಿ ರೈಲಿನ ಮೂರನೆಯ ದರ್ಜೆಯ ಬೋಗಿಗಳ ಬಗ್ಗೆ ಬರೆದ ಮಾತು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಆ ಬೋಗಿಗಳಿಗೆ ಚಾವಣಿ ಇರಲಿಲ್ಲ. ಚಾವಣಿ ಹಾಕಲು ಕಂಪನಿಗೆ ಹಣವಿಲ್ಲವೆಂದಲ್ಲ, ಬಡವರನ್ನು ನೋಯಿಸಬೇಕೆಂದೂ ಅಲ್ಲ, ಎರಡನೆಯ ದರ್ಜೆಗೆ ಹಣ ಕೊಡಬಲ್ಲವನು ಮೂರನೆಯದರಲ್ಲಿ ಕೂರದಿರಲಿ ಎಂಬುದಕ್ಕಾಗಿ ಎಂದು ಅವನು ವಿವರಿಸಿದ. ಸ್ವಂತ ಡೊಮೇನ್ ಎಂಬುದು ಬಿಲ್ಡರ್ ಪ್ಲ್ಯಾನಿನ ಚಾವಣಿ. ಹವ್ಯಾಸಕ್ಕೆ ಪುಟ ಮಾಡುವವರು ಉದ್ದದ ಉಚಿತ ವಿಳಾಸದಲ್ಲೇ ನೆಮ್ಮದಿಯಾಗಿರುತ್ತಾರೆ. ವ್ಯಾಪಾರ ಮಾಡುವವರಿಗೆ, ಕಾರ್ಡಿನ ಮೇಲೆ ವಿಳಾಸ ಮುದ್ರಿಸುವವರಿಗೆ ಅದು ಸಾಲುವುದಿಲ್ಲ. ನೀವು ಯಾರು, ನಿಮ್ಮ ಕೆಲಸ ಎಷ್ಟು ಗಂಭೀರ ಎಂದು ಕಂಪನಿ ಕೇಳಬೇಕಾಗಿಯೇ ಇಲ್ಲ. ಡೊಮೇನ್ ಬೇಕೆಂದ ಕ್ಷಣ ನೀವೇ ಅದನ್ನು ಹೇಳಿದಂತಾಯಿತು.

ಇದರ ಜೊತೆಗೆ ಉಚಿತ ವಿಳಾಸ ಕಂಪನಿಗೆ ಜಾಹೀರಾತೂ ಹೌದು. ವಿಕ್ಸ್‌ನ ಉಚಿತ ಪ್ಲ್ಯಾನಿನಲ್ಲಿ ವಿಳಾಸ wixsite.com ಎಂಬುದರ ಅಡಿಯಲ್ಲಿ ಬರುತ್ತದೆ. ವರ್ಡ್‌ಪ್ರೆಸ್ ಸೇವೆಯಲ್ಲಿ ಹೆಸರಿನ ಬಾಲಕ್ಕೆ wordpress.com ಅಂಟಿಕೊಳ್ಳುತ್ತದೆ. ನೀವು ಹಂಚಿಕೊಂಡ ಪ್ರತಿ ಕೊಂಡಿಯೂ ಅವರ ಹೆಸರನ್ನು ಹೊತ್ತು ತಿರುಗುತ್ತದೆ. ಉಚಿತ ಬಳಕೆದಾರರು ಕೊಡುವ ಬಾಡಿಗೆ ಅದೇ ಎನ್ನಬಹುದು, ಅದರಲ್ಲಿ ಅನ್ಯಾಯವೇನೂ ನನಗೆ ಕಾಣುವುದಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದ ಕಾರಣ ಇನ್ನೊಂದಿದೆ. ಸ್ವಂತ ಡೊಮೇನ್ ಎಂದರೆ ಬಿಟ್ಟುಹೋಗುವ ದಾರಿ. ಮೂರು ವರ್ಷ ಉಚಿತ ವಿಳಾಸದಲ್ಲಿದ್ದು, ಜನ ಆ ವಿಳಾಸವನ್ನು ಬರೆದಿಟ್ಟುಕೊಂಡು, ಹುಡುಕಾಟದಲ್ಲಿ ಅದು ಮೇಲೆ ಬರತೊಡಗಿದ ಮೇಲೆ ಬೇರೆ ಕಂಪನಿಗೆ ಹೋಗಬೇಕೆಂದರೆ ಎಲ್ಲವೂ ಅಲ್ಲೇ ಉಳಿಯುತ್ತದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಅಧಿಕಾರ ಸಾಮಾನ್ಯವಾಗಿ ನಿಮಗಿರುವುದಿಲ್ಲ, ಏಕೆಂದರೆ ಆ ಹೆಸರು ನಿಮ್ಮದಲ್ಲ. ಡೊಮೇನ್ ನಿಮ್ಮದಾಗಿದ್ದರೆ ಅದನ್ನು ಹೊಸ ಸರ್ವರಿನತ್ತ ತಿರುಗಿಸಿದರೆ ಸಾಕು, ನೋಡುವವರಿಗೆ ಏನೂ ಬದಲಾದಂತೆ ಅನಿಸುವುದಿಲ್ಲ. ಆದ್ದರಿಂದಲೇ ನಾನು ಯಾರಿಗಾದರೂ ಹೇಳುವುದು ಇಷ್ಟೇ: ಮೂರರಲ್ಲಿ ಒಂದಕ್ಕೆ ಮಾತ್ರ ಈಗ ಹಣ ಕೊಡಬಲ್ಲಿರಾದರೆ ಡೊಮೇನಿಗೆ ಕೊಡಿ. ಸಾಧ್ಯವಾದರೆ ಅದನ್ನು ಬಿಲ್ಡರ್‌ನಿಂದಲ್ಲದೆ ಬೇರೆ ರಿಜಿಸ್ಟ್ರಾರ್ ಬಳಿ ಕೊಳ್ಳಿ.

ಬೇರೆ ಕಡೆ ಏಕೆ ಎಂದರೆ, ವಾರ್ಷಿಕ ಪ್ಲ್ಯಾನಿನ ಜೊತೆ "ಮೊದಲ ವರ್ಷ ಡೊಮೇನ್ ಉಚಿತ" ಎಂಬ ಕೊಡುಗೆ ಸಾಮಾನ್ಯ. ಅದನ್ನು ತೆಗೆದುಕೊಳ್ಳುವುದು ತಪ್ಪಲ್ಲ, ಆದರೆ ಮೂರು ವಿಷಯ ನೋಡಿಕೊಳ್ಳಬೇಕು. ಎರಡನೆಯ ವರ್ಷದ ನವೀಕರಣ ಶುಲ್ಕ ಎಷ್ಟು? ನೋಂದಣಿಯಲ್ಲಿ ಮಾಲೀಕರೆಂದು ಯಾರ ಹೆಸರಿದೆ? ವರ್ಗಾವಣೆಯ ಗುಪ್ತಸಂಕೇತವನ್ನು ಕೇಳಿದಾಗ ಕೊಡುತ್ತಾರೆಯೇ? ಹೊಸದಾಗಿ ನೋಂದಾಯಿಸಿದ .com ಹೆಸರನ್ನು ಮೊದಲ 60 ದಿನ ಸಾಮಾನ್ಯವಾಗಿ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬರುವುದಿಲ್ಲ, ಆ ಅವಧಿ ಕಳೆದ ಮೇಲೂ ಮಾರ್ಗ ಸುಗಮವಾಗಿದೆಯೇ ಎಂಬುದು ಈ ಮೂರು ಉತ್ತರಗಳಿಂದ ಗೊತ್ತಾಗುತ್ತದೆ.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಡೊಮೇನ್ ಜೋಡಣೆ ಯಂತ್ರಕ್ಕೆ ಅಗ್ಗ, ಮನುಷ್ಯರಿಗೆ ಅಲ್ಲ. ಜೋಡಣೆಯ ಅರ್ಧ ಕೆಲಸ ಅವರ ಕೈಯಲ್ಲಿಲ್ಲದ ಜಾಗದಲ್ಲಿ, ಅಂದರೆ ಹೆಸರು ಯಾವ ಸರ್ವರಿನತ್ತ ಹೋಗಬೇಕೆಂದು ಹೇಳುವ, ನಿಮ್ಮ ರಿಜಿಸ್ಟ್ರಾರ್ ಬಳಿ ಇರುವ ಡಿಎನ್‌ಎಸ್ ದಾಖಲೆಗಳಲ್ಲಿ ನಡೆಯಬೇಕು. ಅಲ್ಲಿ ತಪ್ಪಾದರೆ ದೂರು ಬರುವುದು ಬಿಲ್ಡರ್‌ನ ಸಹಾಯವಾಣಿಗೆ. ಸ್ನೇಹಿತೆಯ ವಿಚಾರದಲ್ಲಿ ಆ ತಪ್ಪನ್ನು ಮಾಡಿದವನು ನಾನೇ. ಎರಡು ದಾರಿಗಳಿದ್ದವು: ರಿಜಿಸ್ಟ್ರಾರ್ ಬಳಿಯೇ ಎರಡು ದಾಖಲೆಗಳನ್ನು ಬದಲಿಸುವುದು, ಇಲ್ಲವೇ ಆ ದಾಖಲೆಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್‌ಗಳನ್ನೇ ಬದಲಿಸಿ ಡೊಮೇನಿನ ಇಡೀ ಆಡಳಿತವನ್ನು ಬಿಲ್ಡರ್‌ಗೆ ಒಪ್ಪಿಸುವುದು. ಎರಡನೆಯದು ಸುಲಭವೆಂದು ಪರದೆ ಹೇಳಿತು, ನಾನು ಒತ್ತಿಬಿಟ್ಟೆ. ವೆಬ್‌ಸೈಟ್ ಸ್ವಲ್ಪ ಹೊತ್ತಿನಲ್ಲೇ ಹೊಸ ವಿಳಾಸದಲ್ಲಿ ತೆರೆದುಕೊಂಡಿತು. ಎರಡು ದಿನ ಕಳೆದ ಮೇಲೆ ಅವಳು "ಏಕೋ ಇಮೇಲ್‌ಗಳೇ ಬರುತ್ತಿಲ್ಲ" ಎಂದಳು. ಅವಳ ಇಮೇಲ್ ಅದೇ ಡೊಮೇನಿನಲ್ಲಿತ್ತು. ಆ ಡೊಮೇನಿನ ಅಂಚೆ ಎಲ್ಲಿಗೆ ಹೋಗಬೇಕು ಎಂದು ಹೇಳುವ MX ದಾಖಲೆ ಹಳೆಯ ಜಾಗದಲ್ಲೇ ಉಳಿದುಹೋಗಿತ್ತು.

ಇದನ್ನು ತಿಳಿಯುವುದು ಕಷ್ಟವಲ್ಲ. ಮ್ಯಾಕ್ ಅಥವಾ ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ example.com ಇರುವಲ್ಲಿ ನಿಮ್ಮ ಡೊಮೇನ್ ಹಾಕಿ ಮೂರು ಪ್ರಶ್ನೆ ಕೇಳಬೇಕು:

```
dig +short A example.com
dig +short CNAME www.example.com
dig +short MX example.com
```

ಮೊದಲನೆಯದು ಡೊಮೇನ್ ಯಾವ ಸರ್ವರಿನತ್ತ ತೋರಿಸುತ್ತಿದೆ ಎಂದು ಹೇಳುತ್ತದೆ. ಅಲ್ಲಿ ಬಿಲ್ಡರ್ ಕೊಟ್ಟ ಸಂಖ್ಯೆಗಳಷ್ಟೇ ಇರಬೇಕು. ಹಳೆಯದೊಂದು ಸಂಖ್ಯೆಯೂ ಉಳಿದಿದ್ದರೆ ಕೆಲವರಿಗೆ ಹೊಸ ಪುಟ, ಕೆಲವರಿಗೆ ಹಳೆಯ ಖಾಲಿ ಪುಟ ಕಾಣುತ್ತದೆ. "ನನ್ನ ಮೊಬೈಲಿನಲ್ಲಿ ಬರುತ್ತದೆ, ಅವರದರಲ್ಲಿ ಬರುವುದಿಲ್ಲ" ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ. ಎರಡನೆಯದು www ಇರುವ ರೂಪಕ್ಕೆ. ಮೂರನೆಯದನ್ನು ಬದಲಾವಣೆಗೆ ಮುಂಚೆ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ, ಆಮೇಲೆ ಮತ್ತೊಮ್ಮೆ ಕೇಳಿ. ಮೊದಲು ಉತ್ತರವಿದ್ದು ಈಗ ಏನೂ ಬರದಿದ್ದರೆ ಅಂಚೆಯ ದಾರಿ ತಪ್ಪಿದೆ ಎಂದರ್ಥ. ಬರೆದಿಟ್ಟುಕೊಂಡ ಮೌಲ್ಯಗಳನ್ನು ಹೊಸ ಜಾಗದಲ್ಲಿ ಸೇರಿಸಿದರೆ ಸರಿಹೋಗುತ್ತದೆ.

ಸ್ಟೋರೇಜ್ ವಿಷಯಕ್ಕೆ ಬಂದರೆ, ಇಲ್ಲಿ ಕಂಪನಿಗೆ ನಿಜವಾದ ಖರ್ಚಿದೆ. ಆದರೆ ಅದು ಹೆಸರಿನಲ್ಲಿ ಹೇಳುವ ಜಾಗದಲ್ಲಿಲ್ಲ. ಸ್ನೇಹಿತೆಯ ಬಳಿ 40 ಬಗೆಯ ನೋಟ್‌ಬುಕ್‌ಗಳಿದ್ದವು, ಒಂದೊಂದಕ್ಕೆ ಆರು ಫೋಟೊ, ಒಟ್ಟು 240. ಮೊಬೈಲಿನಿಂದ ನೇರವಾಗಿ ಬಂದ ಫೋಟೊ 4000 ಪಿಕ್ಸೆಲ್ ಅಗಲ, ಸುಮಾರು 4 ಎಂಬಿ ತೂಕ. ಎಲ್ಲ ಸೇರಿ 960 ಎಂಬಿ ಆಯಿತು. ಉಚಿತ ಮಿತಿ 500 ಎಂಬಿ ಇದ್ದುದರಿಂದ ಅರ್ಧದಲ್ಲೇ ನಿಂತುಹೋಯಿತು. ಅಷ್ಟು ಕಡತವನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಕಂಪನಿಗೆ ದೊಡ್ಡ ಹೊರೆಯಲ್ಲ. ಹೊರೆ ಬೀಳುವುದು ಅದನ್ನು ಮತ್ತೆ ಮತ್ತೆ ಕಳುಹಿಸುವಾಗ. ಒಂದು ನಿಮಿಷದ 60 ಎಂಬಿ ವಿಡಿಯೊ ಡಿಸ್ಕಿನಲ್ಲಿ 60 ಎಂಬಿ ಮಾತ್ರ. ಸಾವಿರ ಜನ ಅದನ್ನು ಪೂರ್ತಿ ನೋಡಿದರೆ 60 ಜಿಬಿ ಹೊರಗೆ ಹರಿದಿರುತ್ತದೆ.

ಹಾಗಿದ್ದರೆ ಹರಿವಿಗೇ ಮಿತಿ ಹಾಕಬಹುದಲ್ಲ? ಕೆಲವರು ಹಾಕುತ್ತಾರೆ. ಆದರೆ ಬಳಕೆದಾರರಿಗೆ ಅದು ಬಹಳ ಕಷ್ಟದ ನಿಯಮ, ಏಕೆಂದರೆ ಎಷ್ಟು ಜನ ಬರುತ್ತಾರೆ ಎಂಬುದು ಅವರ ಕೈಯಲ್ಲಿಲ್ಲ. ಜನ ಮುಗಿಬಿದ್ದ ದಿನವೇ ಪುಟ ಮುಚ್ಚಿಕೊಂಡರೆ ಯಾರು ಸಹಿಸುತ್ತಾರೆ? ಎಷ್ಟು ಕಡತ ಏರಿಸುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ಸ್ಟೋರೇಜ್ ಎಂಬ ಅಳತೆಯನ್ನು ಮುಂದಿಟ್ಟು, ಹಿಂದಿನ ಹರಿವು, ಬ್ಯಾಕಪ್, ಒಂದೇ ಚಿತ್ರದಿಂದ ಬೇರೆ ಬೇರೆ ಗಾತ್ರದ ಪ್ರತಿಗಳನ್ನು ಮಾಡುವ ಕೆಲಸ ಎಲ್ಲವನ್ನೂ ಅದರಲ್ಲೇ ಅಂದಾಜಿಸುತ್ತಾರೆ. ಮಿತಿಯೇ ಇಲ್ಲದಿದ್ದರೆ ಉಚಿತ ಖಾತೆಗಳು ದೊಡ್ಡ ಕಡತಗಳ ಗೋದಾಮಾಗುವ ಅಪಾಯವೂ ಇದೆ.

ಈ ಬೀಗವನ್ನು ಮಾತ್ರ ಬಹುಪಾಲು ಜನ ಹಣವಿಲ್ಲದೆ ತೆಗೆಯಬಹುದು. ಪರದೆಯ ಮೇಲೆ ನೋಟ್‌ಬುಕ್ಕಿನ ಚಿತ್ರ 1200 ಪಿಕ್ಸೆಲಿಗಿಂತ ಅಗಲವಾಗಿ ಎಲ್ಲೂ ಕಾಣುತ್ತಿರಲಿಲ್ಲ. ಏರಿಸುವ ಮೊದಲೇ ಚಿತ್ರಗಳನ್ನು 1600 ಪಿಕ್ಸೆಲಿಗೆ ಇಳಿಸಿದೆವು, ಒಂದೊಂದು ಸುಮಾರು 300 ಕೆಬಿ ಆಯಿತು. 240 ಚಿತ್ರ ಸೇರಿ 72 ಎಂಬಿ. ಕಾಗದದ ಅಂಚು, ಹೊಲಿಗೆಯ ನೂಲು ಎಲ್ಲವೂ ಮೊದಲಿನಷ್ಟೇ ಸ್ಪಷ್ಟವಾಗಿದ್ದವು, ಪುಟ ತೆರೆಯುವುದು ಮಾತ್ರ ಬೇಗವಾಯಿತು. ಹಳೆಯ ದೊಡ್ಡ ಚಿತ್ರಗಳನ್ನು ಅಳಿಸಿದ ಮೇಲೂ ಮೀಟರ್ ಇಳಿಯದಿದ್ದರೆ ಕಸದ ಬುಟ್ಟಿಯನ್ನು ನೋಡಿ. ಅಲ್ಲಿರುವುದನ್ನೂ ಲೆಕ್ಕಕ್ಕೆ ಹಿಡಿಯುವವರಿದ್ದಾರೆ.

ಪಾವತಿಯ ಬೀಗದ ಕಾರಣ ಇನ್ನೂ ಬೇರೆ. ಗ್ರಾಹಕರ ಕಾರ್ಡ್ ಸಂಖ್ಯೆ ಸಾಮಾನ್ಯವಾಗಿ ಬಿಲ್ಡರ್‌ನ ಸರ್ವರಿಗೆ ಬರುವುದೇ ಇಲ್ಲ, ಅದು ಪಾವತಿ ಕಂಪನಿಯ ಪೆಟ್ಟಿಗೆಯೊಳಗೆ ಹೋಗುತ್ತದೆ. ಆದರೂ ಅಪಾಯ ಬಿಲ್ಡರ್‌ನ ಅಂಗಳದಲ್ಲೇ ಆಡುತ್ತಿರುತ್ತದೆ. ಕದ್ದ ಕಾರ್ಡ್ ಸಂಖ್ಯೆಗಳನ್ನು ಹೊಂದಿರುವವರು ಅವುಗಳಲ್ಲಿ ಯಾವುದು ಇನ್ನೂ ಜೀವಂತವಾಗಿದೆ ಎಂದು ತಿಳಿಯಲು ಸಣ್ಣ ಮೊತ್ತದ ಪಾವತಿಗಳನ್ನು ಒಂದರ ಹಿಂದೊಂದು ಮಾಡಿ ನೋಡುತ್ತಾರೆ. ಐದು ನಿಮಿಷದಲ್ಲಿ ಯಾರು ಬೇಕಾದರೂ ಉಚಿತ ಅಂಗಡಿ ತೆರೆಯಬಹುದಾದರೆ ಅಂಥವರಿಗೆ ಅದು ಬಯಲಿನಂತೆ. ಇನ್ನು ಕೆಲವರು ಅಂಗಡಿ ತೆರೆದು, ಹಣ ಪಡೆದು, ಸರಕು ಕಳುಹಿಸದೆ ಮಾಯವಾಗುತ್ತಾರೆ. ಮೋಸಹೋದ ಗ್ರಾಹಕರು ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳಬಹುದು, ಈ ಅವಕಾಶ ತಿಂಗಳುಗಟ್ಟಲೆ ತೆರೆದಿರುತ್ತದೆ. ಮಾರಿದವನು ಸಿಗದಿದ್ದರೆ ನಷ್ಟ ಪಾವತಿ ಕಂಪನಿಯ ಮೇಲೆ, ಒಪ್ಪಂದ ಹಾಗಿದ್ದರೆ ಬಿಲ್ಡರ್ ಮೇಲೂ ಬೀಳುತ್ತದೆ. ಹಣ ಕೊಟ್ಟು ಪ್ಲ್ಯಾನ್ ಪಡೆದವರು ತಮ್ಮ ಗುರುತನ್ನು ಬಿಟ್ಟಿರುತ್ತಾರೆ, ಎಸೆದು ಹೋಗುವ ಖಾತೆಗೆ ಯಾರೂ ಹಣ ಕೊಡಲು ಇಷ್ಟಪಡುವುದಿಲ್ಲ. ಪ್ಲ್ಯಾನ್ ಶುಲ್ಕ ಇಲ್ಲಿ ಬೇಲಿಯ ಕೆಲಸ ಮಾಡುತ್ತದೆ. ದಾಸ್ತಾನು ಎಣಿಕೆ, ತೆರಿಗೆ, ಆರ್ಡರ್ ಸಂದೇಶ, ಮರುಪಾವತಿ ಇವೆಲ್ಲ ಸೇರಿ ಅಂಗಡಿಯ ತಂತ್ರಾಂಶ ಪುಟ ಕಟ್ಟುವುದಕ್ಕಿಂತ ದೊಡ್ಡ ಕೆಲಸ ಎಂಬುದನ್ನೂ ಮರೆಯಬಾರದು.

ಇಲ್ಲಿ ಎಚ್ಚರವಹಿಸಬೇಕಾದದ್ದು ಕಮಿಷನ್ ಬಗ್ಗೆ. ಪಾವತಿ ಕಂಪನಿ ಪ್ರತಿ ವಹಿವಾಟಿಗೆ ತನ್ನ ಶುಲ್ಕ ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಅದರ ಮೇಲೆ ಬಿಲ್ಡರ್ ತನ್ನದೊಂದು ಪಾಲನ್ನು ಕೇಳುವ ಪ್ಲ್ಯಾನ್‌ಗಳಿವೆ, ಮೇಲಿನ ಪ್ಲ್ಯಾನಿಗೆ ಹೋದರೆ ಆ ಪಾಲು ಕಡಿಮೆಯಾಗುತ್ತದೆ ಅಥವಾ ಇಲ್ಲವಾಗುತ್ತದೆ. ನಾವು ಕುಳಿತು ಮಾಡಿದ ಲೆಕ್ಕವನ್ನು ಯಾವ ದೇಶದ ಹಣಕ್ಕೂ ಹೊಂದುವಂತೆ 'ನಾಣ್ಯ'ಗಳಲ್ಲಿ ಹೇಳುತ್ತೇನೆ. ಡೊಮೇನ್ ಮಾತ್ರ ಇರುವ ಪ್ಲ್ಯಾನಿಗೆ ತಿಂಗಳಿಗೆ 10 ನಾಣ್ಯ. ಅಂಗಡಿ ಇರುವ ನಡುವಿನ ಪ್ಲ್ಯಾನಿಗೆ 20 ನಾಣ್ಯ ಮತ್ತು ಮಾರಾಟದ ಶೇ 3 ಪಾಲು. ಎಲ್ಲಕ್ಕೂ ಮೇಲಿನದಕ್ಕೆ 35 ನಾಣ್ಯ, ಪಾಲು ಇಲ್ಲ. ಮೇಲಿನ ಎರಡರ ನಡುವಿನ ವ್ಯತ್ಯಾಸ 15 ನಾಣ್ಯ. ಶೇ 3 ಪಾಲು 15 ನಾಣ್ಯ ಆಗಬೇಕಾದರೆ ತಿಂಗಳಿಗೆ 500 ನಾಣ್ಯದ ಮಾರಾಟ ಆಗಬೇಕು. ನೋಟ್‌ಬುಕ್ ಒಂದಕ್ಕೆ 20 ನಾಣ್ಯವಾದರೆ ಅದು 25 ನೋಟ್‌ಬುಕ್. ಅದಕ್ಕಿಂತ ಕಡಿಮೆ ಮಾರುವವರಿಗೆ ನಡುವಿನದು ಲಾಭ, ಹೆಚ್ಚು ಮಾರುವವರಿಗೆ ಮೇಲಿನದು. ಲೆಕ್ಕ ಹಾಕುವಾಗ ಕೋಷ್ಟಕದಲ್ಲಿ ದೊಡ್ಡದಾಗಿ ಬರೆದ ತಿಂಗಳ ದರ ವರ್ಷದ ಹಣವನ್ನು ಒಟ್ಟಿಗೆ ಕಟ್ಟುವವರಿಗೋ, ತಿಂಗಳು ತಿಂಗಳು ಕಟ್ಟುವವರಿಗೋ ಎಂದು ನೋಡಿಕೊಳ್ಳಿ. ಬಹಳ ಸಲ ಅದು ಮೊದಲನೆಯವರಿಗೆ.

ಅವಳು ಆಗ ತಿಂಗಳಿಗೆ ಏಳೆಂಟು ನೋಟ್‌ಬುಕ್ ಮಾರುತ್ತಿದ್ದಳು. ಹಾಗಾಗಿ 10 ನಾಣ್ಯದ ಪ್ಲ್ಯಾನಿನಲ್ಲೇ ಇದ್ದು, ಪಾವತಿ ಕಂಪನಿಯೊಂದು ಕೊಡುವ ಪಾವತಿ ಕೊಂಡಿಯನ್ನು ಪ್ರತಿ ಚಿತ್ರದ ಕೆಳಗೆ ಗುಂಡಿಯಾಗಿ ಇಟ್ಟೆವು. ಗುಂಡಿ ಒತ್ತಿದವರು ಆ ಕಂಪನಿಯ ಪುಟಕ್ಕೆ ಹೋಗಿ ಹಣ ಕಟ್ಟುತ್ತಾರೆ, ಬಿಲ್ಡರ್‌ಗೆ ಪಾಲು ಇಲ್ಲ. ಕೊರತೆ ಒಂದೇ, ನೋಟ್‌ಬುಕ್ ಮಾರಾಟವಾಗಿದೆ ಎಂಬುದು ವೆಬ್‌ಸೈಟಿಗೆ ತಿಳಿಯುವುದಿಲ್ಲ. ಅವಳೇ ಹೋಗಿ ಗುಂಡಿಯನ್ನು ತೆಗೆಯಬೇಕು.

ನಾಲ್ಕನೆಯ ತಿಂಗಳು ಮಾರಾಟ 18ಕ್ಕೆ ಏರಿತು. ಆ ತಿಂಗಳ ಒಂದು ರಾತ್ರಿ, ನೀಲಿ ಬಟ್ಟೆಯ ಹೊದಿಕೆಯ ಒಂದೇ ಒಂದು ನೋಟ್‌ಬುಕ್ಕಿಗೆ ಇಬ್ಬರು ಹಣ ಕಟ್ಟಿದರು, ಹತ್ತು ನಿಮಿಷದ ಅಂತರದಲ್ಲಿ. ಬೆಳಿಗ್ಗೆ ಎದ್ದು ನೋಡಿದವಳು ಒಬ್ಬರಿಗೆ ಹಣ ಹಿಂದಿರುಗಿಸಿ, ಕ್ಷಮೆ ಕೇಳಿ ಪತ್ರ ಬರೆದು, ನನಗೆ ಫೋನ್ ಮಾಡಿದಳು. 18 ನೋಟ್‌ಬುಕ್ ಎಂದರೆ 360 ನಾಣ್ಯದ ಮಾರಾಟ, ಅದರ ಪಾಲು 10.8, ಶುಲ್ಕ ಸೇರಿ ನಡುವಿನ ಪ್ಲ್ಯಾನ್ 30.8 ನಾಣ್ಯಕ್ಕೆ ಬರುತ್ತದೆ, ಮೇಲಿನದು ಇನ್ನೂ ದುಬಾರಿಯೇ ಎಂದು ಲೆಕ್ಕ ಹೇಳಿದೆ. ಅವಳು ಅಂದೇ ನಡುವಿನದಕ್ಕೆ ಹೋದಳು. ವಿಳಾಸ ಬದಲಾಗಲಿಲ್ಲ, ಚಿತ್ರಗಳು ಇದ್ದಲ್ಲೇ ಇದ್ದವು, ಗುಂಡಿಗಳ ಜಾಗದಲ್ಲಿ "ಒಂದೇ ಉಳಿದಿದೆ" ಎಂಬ ಸಾಲು ಬಂತು.